ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಬೋನಸ್ ಷೇರು ಕೊಡಿಸಿದ ಅನುಭವ

ಹುಬ್ಬಳ್ಳಿಯಲ್ಲಿ ಕುಳಿತು ಸುತ್ತಲಿನ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಕಾನೂನು ಕಾಗದ-ಪತ್ರ ನೋಡಿಕೊಳ್ಳುವುದು ನನ್ನ ಕೆಲಸ. 2022ರ ಅಕ್ಟೋಬರ್‌ನಲ್ಲಿ ಬ್ಯಾಡಗಿಯಿಂದ ಒಬ್ಬ ಹಿರಿಯರು ಬಂದರು. ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜ್ ಅವರದು. ಮನೆಮಂದಿಯೇ ಷೇರುದಾರರು. ಇನ್ನೊಂದು ಚೇಂಬರ್ ಕಟ್ಟಲು ಬ್ಯಾಂಕಿಗೆ ಸಾಲ ಕೇಳಿದ್ದರು. ‘ಇಷ್ಟು ದೊಡ್ಡ ಸಾಲಕ್ಕೆ ಬರೀ 20 ಲಕ್ಷದ ಬಂಡವಾಳವೇ?’ ಎಂದು ಬ್ಯಾಂಕಿನವರು ಕೇಳಿದ್ದರಂತೆ.

“ಸಾಹೇಬ್ರ, ನಮ್ಮ ಕಡೆ ರಿಸರ್ವ್ ಭಾಳ ಐತಿ. ಅದನ್ನ ಬೋನಸ್ ಷೇರ್ ಮಾಡಿಬಿಟ್ರ ಬ್ಯಾಂಕಿನ ಮಾರ್ಜಿನ್ನೂ ಮುಗೀತೈತಿ, ಬಂಡವಾಳನೂ ಬೆಳೀತೈತಿ, ಹೌದಲ್ರಿ?” ಎಂದರು.

ಬಂಡವಾಳ ಬೆಳೆಯುವುದು ನಿಜ, ಮಾರ್ಜಿನ್ ಮುಗಿಯುವುದು ಮಾತ್ರ ಆಗದ ಮಾತು ಎಂದು ಅವತ್ತೇ ಹೇಳಿದೆ. ಚೇಂಬರ್ ಕಟ್ಟುವ ಖರ್ಚಿನಲ್ಲಿ ಮಾಲೀಕರು ಹಾಕಬೇಕಾದ ಪಾಲು ರೊಕ್ಕದಲ್ಲೇ ಬರಬೇಕು. ಬೋನಸ್ ಷೇರು ಎಂದರೆ ಇದ್ದ ಷೇರುದಾರರಿಗೇ ಪುಕ್ಕಟೆ ಕೊಡುವ ಹೊಸ ಷೇರು, ಅದರಿಂದ ಕಂಪನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ‘ಮೀಸಲು’ ಎಂಬ ಸಾಲಿನಲ್ಲಿದ್ದ ಮೊತ್ತ ‘ಷೇರು ಬಂಡವಾಳ’ ಎಂಬ ಸಾಲಿಗೆ ಹೋಗಿ ಕೂರುತ್ತದೆ, ಅಷ್ಟೇ. ಆ ರಿಸರ್ವ್‌ನ ರೊಕ್ಕ ಎಂದೋ ಕಂಪ್ರೆಸರ್, ಗೋಡೆ, ರ‍್ಯಾಕ್ ಆಗಿಬಿಟ್ಟಿರುತ್ತದೆ.

ಹಾಗಾದರೆ ಬ್ಯಾಂಕಿಗೆ ಇದರಿಂದ ಏನು ಸಮಾಧಾನ? ಮುಕ್ತ ಮೀಸಲಿನಲ್ಲಿರುವ ಲಾಭವನ್ನು ಮಾಲೀಕರು ನಾಳೆ ಡಿವಿಡೆಂಡ್ ಎಂದು ಎತ್ತಿಕೊಂಡು ಹೋಗಬಹುದು. ಷೇರು ಬಂಡವಾಳವನ್ನು ಹಾಗೆ ಎತ್ತಲಾಗದು. ಅದನ್ನು ಇಳಿಸಬೇಕೆಂದರೆ ಕಂಪನಿ ಕಾಯಿದೆಯ 66ನೇ ಸೆಕ್ಷನ್ ಪ್ರಕಾರ ನ್ಯಾಯಮಂಡಳಿಗೆ ಹೋಗಬೇಕು, ಇಲ್ಲವೇ 68ನೇ ಸೆಕ್ಷನ್ನಿನ ಮಿತಿಯೊಳಗೆ ಷೇರು ಮರುಖರೀದಿ ಮಾಡಬೇಕು. ಬೋನಸ್ ಎಂದರೆ ಲಾಭಕ್ಕೆ ಕೀಲಿ ಹಾಕುವುದು. ಸಾಲ ಕೊಡುವವನಿಗೆ ಬೇಕಾದದ್ದು ಅದೇ ಕೀಲಿ. ಇದನ್ನು ತಿಳಿದ ಮೇಲೂ ಹಿರಿಯರು ಮಾಡೋಣ ಎಂದರು. ಮಾರ್ಜಿನ್ ರೊಕ್ಕಕ್ಕೆ ಬೇರೆ ದಾರಿ ನೋಡಿಕೊಂಡರು.

2022ರ ಮಾರ್ಚ್ 31ರ ಆಡಿಟ್ ಆದ ಬ್ಯಾಲೆನ್ಸ್ ಶೀಟ್ ತರಿಸಿದೆ. ಹತ್ತು ರೂಪಾಯಿ ಮುಖಬೆಲೆಯ 2,00,000 ಷೇರು, ಅಂದರೆ 20 ಲಕ್ಷ ಬಂಡವಾಳ. ಷೇರು ಕೊಡುವಾಗ ಮುಖಬೆಲೆಗಿಂತ ಹೆಚ್ಚಿಗೆ ಪಡೆದ ಷೇರು ಪ್ರೀಮಿಯಂ 18 ಲಕ್ಷ, ಜನರಲ್ ರಿಸರ್ವ್ 30 ಲಕ್ಷ, ಲಾಭ-ನಷ್ಟ ಖಾತೆಯ ಉಳಿಕೆ 112 ಲಕ್ಷ. ಇದರ ಜೊತೆಗೆ ಮರುಮೌಲ್ಯಮಾಪನದ ಮೀಸಲು ಎಂದು 95 ಲಕ್ಷ.

ಹಿರಿಯರ ಕಣ್ಣು ನೆಟ್ಟಿದ್ದು ಆ 95 ಲಕ್ಷದ ಮೇಲೆ. ರಸ್ತೆ ಪಕ್ಕದ ಜಮೀನನ್ನು ಹಿಂದೆ ಅಗ್ಗದಲ್ಲಿ ಕೊಂಡಿದ್ದರು. ಕೆಲವು ವರ್ಷಗಳ ಹಿಂದೆ ಮೌಲ್ಯಮಾಪಕರಿಂದ ಹೊಸ ಬೆಲೆ ಕಟ್ಟಿಸಿ ಲೆಕ್ಕದಲ್ಲಿ ಏರಿಸಿದ್ದರು. “ಜಮೀನಿನ ಬೆಲಿ ಖರೇನ ಏರೈತಿ, ಸುಳ್ಳಲ್ಲ. ಅದನ್ನ ಷೇರ್ ಮಾಡ್ರಿ, ಲಾಭ ಹಂಗ ಉಳೀಲಿ” ಎಂದರು. ಬೆಲೆ ಏರಿದ್ದು ಸುಳ್ಳಲ್ಲ, ಆದರೆ ಜಮೀನು ಮಾರಿಲ್ಲವಲ್ಲ. ಆಸ್ತಿಯ ಬೆಲೆ ಏರಿಸಿ ಹುಟ್ಟಿಸಿದ ಮೀಸಲಿನಿಂದ ಬೋನಸ್ ಕೊಡಕೂಡದು ಎಂದು 2013ರ ಕಂಪನಿ ಕಾಯಿದೆಯ 63ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಕಾರಣವೂ ನ್ಯಾಯವಾದದ್ದು. ನಾಳೆ ಜಮೀನಿನ ಬೆಲೆ ಇಳಿದರೆ ಆ ಮೀಸಲು ಕರಗುತ್ತದೆ, ಅದರ ಮೇಲೆ ಕೊಟ್ಟ ಷೇರು ಮಾತ್ರ ಹಾಗೇ ಉಳಿದು, ಇಲ್ಲದ ಬಂಡವಾಳವನ್ನು ಇದೆ ಎಂದು ಸಾಲ ಕೊಟ್ಟವರಿಗೆ ತೋರಿಸುತ್ತಿರುತ್ತದೆ.

ಅವರ ಮಗ ಇನ್ನೊಂದು ದಾರಿ ಹುಡುಕಿದ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲಾಭವನ್ನೂ ಸೇರಿಸಿದರೆ ಹೇಗೆ ಎಂದ. ಅದೂ ಆಗದು. ಮುಕ್ತ ಮೀಸಲು ಎಂದರೆ ಕೊನೆಯದಾಗಿ ಆಡಿಟ್ ಆದ ಬ್ಯಾಲೆನ್ಸ್ ಶೀಟಿನಲ್ಲಿ ಡಿವಿಡೆಂಡ್‌ಗೆ ಸಿಗುವ ಮೊತ್ತ. ಟ್ಯಾಲಿಯಲ್ಲಿ ಕಾಣುವ ಅರ್ಧ ವರ್ಷದ ಲಾಭ ಆ ಲೆಕ್ಕಕ್ಕೆ ಬರುವುದಿಲ್ಲ.

ಒಂದಕ್ಕೆ ಮೂರು ಎಂದು ಗೊತ್ತುಮಾಡಿದೆವು. 2,00,000 ಷೇರಿಗೆ 6,00,000 ಹೊಸ ಷೇರು, 60 ಲಕ್ಷ. ಬಂಡವಾಳ 80 ಲಕ್ಷವಾಗುತ್ತದೆ. ಒಂದಕ್ಕೆ ಇಷ್ಟು ಎಂದು ಪೂರ್ಣಾಂಕ ಇಟ್ಟುಕೊಂಡರೆ ಅರ್ಧ ಷೇರು, ಕಾಲು ಷೇರಿನ ತಂಟೆ ಇರುವುದಿಲ್ಲ.

60 ಲಕ್ಷವನ್ನು ಯಾವ ಖಾತೆಯಿಂದ ತೆಗೆಯಬೇಕು ಎಂಬುದಕ್ಕೆ ನಾನು ಸಾಕಷ್ಟು ಹೊತ್ತು ಕೊಟ್ಟೆ. ಬಹಳ ಕಡೆ ನೇರವಾಗಿ ಲಾಭದ ಉಳಿಕೆಗೇ ಕೈ ಹಾಕುತ್ತಾರೆ. ನಾನು ಮೊದಲು ಷೇರು ಪ್ರೀಮಿಯಂ ಪೂರ್ತಿ ಖಾಲಿ ಮಾಡಿಸುತ್ತೇನೆ. ಆ ಮೊತ್ತವನ್ನು ಹೇಗೂ ಡಿವಿಡೆಂಡ್ ಆಗಿ ಹಂಚಲು ಬರುವುದಿಲ್ಲ, ಬೋನಸ್‌ಗಾದರೆ ಸಲ್ಲುತ್ತದೆ. ಆದ್ದರಿಂದ 18 ಲಕ್ಷ ಪ್ರೀಮಿಯಂನಿಂದ, 30 ಲಕ್ಷ ಜನರಲ್ ರಿಸರ್ವ್‌ನಿಂದ, ಕೊರತೆಯಾದ 12 ಲಕ್ಷ ಮಾತ್ರ ಲಾಭದ ಉಳಿಕೆಯಿಂದ ಎಂದು ಬರೆದೆ. ಮೊದಲು ಹಂಚಬಹುದಾಗಿದ್ದ ಮೊತ್ತ 142 ಲಕ್ಷ, ಆಮೇಲೆ 100 ಲಕ್ಷ. ಪೂರ್ತಿ 60 ಲಕ್ಷವನ್ನೂ ಲಾಭದಿಂದಲೇ ತೆಗೆದಿದ್ದರೆ 82ಕ್ಕೆ ಇಳಿಯುತ್ತಿತ್ತು.

ಬೋರ್ಡ್ ಮೀಟಿಂಗ್‌ಗೆ ಮುಂಚೆ ಎಲ್ಲ ತಪಾಸಣೆ ಮುಗಿಸಬೇಕೆಂಬುದು ನನ್ನ ಹಟ. ಬೋರ್ಡ್ ಬೋನಸ್ ಶಿಫಾರಸು ಮಾಡಿದೆ ಎಂದು ಒಮ್ಮೆ ಪ್ರಕಟಿಸಿದರೆ ಆಮೇಲೆ ಹಿಂದೆಗೆಯಲು ನಿಯಮ ಬಿಡುವುದಿಲ್ಲ. ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್ ತೆರೆದು ನೋಡಿದೆ, ಲಾಭವನ್ನು ಬಂಡವಾಳವಾಗಿಸುವ ಕಲಮು ಇತ್ತು. ಇಲ್ಲದಿದ್ದರೆ ಮೊದಲು ವಿಶೇಷ ನಿರ್ಣಯ ಮಾಡಿ ಅದನ್ನು ಸೇರಿಸಬೇಕಾಗುತ್ತಿತ್ತು. ಪಿ.ಎಫ್. ಚಲನ್‌ಗಳನ್ನು ತಿಂಗಳವಾರು ಜೋಡಿಸುವಾಗ ಎರಡು ತಿಂಗಳಿನವು ಸಿಗಲಿಲ್ಲ. ಸೀಸನ್ ಗಡಿಬಿಡಿಯಲ್ಲಿ ಕಟ್ಟುವುದೇ ಬಿಟ್ಟುಹೋಗಿತ್ತು. ನೌಕರರ ಪಿ.ಎಫ್., ಗ್ರ್ಯಾಚುಟಿ, ಬೋನಸ್ ಬಾಕಿ ಉಳಿಸಿಕೊಂಡ ಕಂಪನಿ ಷೇರುದಾರರಿಗೆ ಬೋನಸ್ ಷೇರು ಕೊಡುವಂತಿಲ್ಲ. ಬಡ್ಡಿ ಸಮೇತ ಕಟ್ಟಿಸಿ, ಚಲನ್ ಕೈಗೆ ಬಂದ ಮೇಲೆಯೇ ಬೋರ್ಡ್ ಮೀಟಿಂಗ್‌ನ ದಿನ ಇಟ್ಟೆ. ಹಮಾಲರ ರೊಕ್ಕ ಬಾಕಿ ಇಟ್ಟು ಮಾಲೀಕರ ಷೇರು ಬೆಳೆಸುವುದನ್ನು ಕಾನೂನು ತಡೆದಿರುವುದು ನನಗೆ ಸರಿ ಕಾಣುತ್ತದೆ.

ನನ್ನ ಕಚೇರಿಯಲ್ಲೇ ಒಂದು ತಪ್ಪು ನಡೆಯುವುದರಲ್ಲಿತ್ತು. ಕೈಕೆಳಗಿನ ಹುಡುಗ ಬರೆದ ಸಭೆಯ ನೋಟಿಸ್‌ನಲ್ಲಿ “ಈ ವರ್ಷದ ಡಿವಿಡೆಂಡ್ ಬದಲಿಗೆ” ಎಂಬ ಮಾತು ಸೇರಿಬಿಟ್ಟಿತ್ತು. ಡಿವಿಡೆಂಡ್‌ಗೆ ಬದಲಾಗಿ ಬೋನಸ್ ಷೇರು ಕೊಡುವುದು ಕಾಯಿದೆಗೆ ವಿರುದ್ಧ. ಆ ನಾಲ್ಕು ಶಬ್ದ ಹಾಗೇ ಹೋಗಿದ್ದರೆ ನಮ್ಮ ನೋಟಿಸೇ ನಮ್ಮ ವಿರುದ್ಧ ಸಾಕ್ಷಿಯಾಗುತ್ತಿತ್ತು. ಹೊಡೆದುಹಾಕಿ ಮತ್ತೆ ಬರೆಸಿದೆ.

ಅಧಿಕೃತ ಬಂಡವಾಳ, ಅಂದರೆ ಕಂಪನಿ ಎಷ್ಟು ಮೊತ್ತದವರೆಗೆ ಷೇರು ಕೊಡಬಹುದೆಂಬ ಮಿತಿ, ಬರೀ 25 ಲಕ್ಷ ಇತ್ತು. 80 ಲಕ್ಷದ ಷೇರು ಅದರಲ್ಲಿ ಹಿಡಿಸುವುದಿಲ್ಲ. ಷೇರುದಾರರ ವಿಶೇಷ ಸಭೆ ಕರೆದು ಮೊದಲ ನಿರ್ಣಯದಲ್ಲಿ ಅದನ್ನು 1 ಕೋಟಿಗೆ ಏರಿಸಿದೆವು, ಎರಡನೆಯದರಲ್ಲಿ ಬೋನಸ್‌ಗೆ ಒಪ್ಪಿಗೆ ಪಡೆದೆವು. ಈ ಕ್ರಮ ತಿರುವುಮುರುವಾದರೆ ಇಲ್ಲದ ಜಾಗದಲ್ಲಿ ಷೇರು ಕೊಟ್ಟಂತೆ ಆಗುತ್ತದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಎಂ.ಸಿ.ಎ. ಪೋರ್ಟಲ್‌ನಲ್ಲಿ ಬಂಡವಾಳ ಏರಿಕೆಯ ಫಾರ್ಮ್ `SH-7` ಹಾಕಿ, ಹೊಸ ಅಧಿಕೃತ ಬಂಡವಾಳ ಕಂಪನಿಯ ಮಾಹಿತಿಯಲ್ಲಿ ಕಾಣಿಸಿದ ಮೇಲೆ ಬೋರ್ಡ್ ಷೇರು ಹಂಚಿತು. ಹಂಚಿದ 30 ದಿನದೊಳಗೆ ಹಂಚಿಕೆಯ ವಿವರದ ಫಾರ್ಮ್ `PAS-3` ಹಾಕಿದೆವು. ಎರಡು ತಿಂಗಳ ಗಡುವಿನೊಳಗೆ ಷೇರು ಸರ್ಟಿಫಿಕೇಟ್ ಕೊಟ್ಟೆವು. ಅವತ್ತು ಕಾಗದದ ಸರ್ಟಿಫಿಕೇಟ್ ನಡೆಯುತ್ತಿತ್ತು. 2023ರಲ್ಲಿ ಬಂದ ನಿಯಮದಿಂದಾಗಿ ಸಣ್ಣ ಕಂಪನಿಯ ವ್ಯಾಖ್ಯೆಗೆ ಬರದ ಪ್ರೈವೇಟ್ ಕಂಪನಿಗಳು ಈಗ ಡಿಮ್ಯಾಟ್‌ನಲ್ಲೇ ಷೇರು ಕೊಡಬೇಕು. ಬೋನಸ್ ಯೋಚನೆ ಇದ್ದವರು ಆ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು.

ಸಭೆಯಲ್ಲಿ ಖರೆ ಪ್ರಶ್ನೆ ಕೇಳಿದವರು ಹಿರಿಯರ ತಂಗಿ, ಧಾರವಾಡಕ್ಕೆ ಕೊಟ್ಟ ಹೆಣ್ಣುಮಗಳು. ಅವರ ಹೆಸರಿನಲ್ಲಿ 10,000 ಷೇರು, ಶೇ. 5. “ಹತ್ತು ಸಾವಿರ ಇದ್ದದ್ದು ನಲವತ್ತು ಸಾವಿರ ಆತು ಅಂತೀರಿ. ಇದ್ರಾಗ ನನಗ ಬಂದದ್ದೇನ್ರಿ?” ಎಂದರು. ಅದಕ್ಕೂ ಮುಂಚೆ ಹಿರಿಯರು ತಂಗಿಗೆ ಬೋನಸ್ ಬೇಡ ಎಂಬ ಸೂಚನೆ ಕೊಟ್ಟಿದ್ದರು, ನಾನು ಒಪ್ಪಿರಲಿಲ್ಲ. ರಿಜಿಸ್ಟರಿನಲ್ಲಿ ಹೆಸರಿರುವ ಪ್ರತಿಯೊಬ್ಬ ಈಕ್ವಿಟಿ ಷೇರುದಾರರಿಗೂ ಒಂದೇ ಅನುಪಾತದಲ್ಲಿ ಕೊಡಬೇಕು.

ಅವರಿಗೆ ಅಂಕಿ ಇಟ್ಟು ಹೇಳಿದೆ. “ಅಕ್ಕಾರ, ಜಮೀನಿನ ಏರಿಕೆ ಬಿಟ್ಟು ಲೆಕ್ಕ ಹಾಕಿದ್ರ ಕಂಪನಿಯ ಸ್ವಂತ ನಿಧಿ 180 ಲಕ್ಷ. ಮೊದಲ ಒಂದು ಷೇರಿಗೆ 90 ರೂಪಾಯಿ ಬೀಳತಿತ್ತು, ಈಗ 22 ರೂಪಾಯಿ 50 ಪೈಸೆ. ನಿಮ್ಮ ಹತ್ತು ಸಾವಿರಕ್ಕ 9 ಲಕ್ಷ ಇತ್ತು, ನಲವತ್ತು ಸಾವಿರಕ್ಕೂ 9 ಲಕ್ಷನ. ಶೇ. 5 ಇದ್ದದ್ದು ಶೇ. 5ನ ಉಳೀತು.” ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತಿತ್ತು. ಮೊದಲು ಡಿವಿಡೆಂಡ್ ಕೇಳಬಹುದಾಗಿದ್ದ ಮೊತ್ತದಲ್ಲಿ 42 ಲಕ್ಷಕ್ಕೆ ಈಗ ಕೀಲಿ ಬಿದ್ದಿದೆ, ಅದರಲ್ಲಿ ನಿಮ್ಮ ಪಾಲು 2 ಲಕ್ಷ 10 ಸಾವಿರ ಎಂಬುದನ್ನೂ ಹೇಳಿದೆ. ಮುಂದೆ ಈ ಬೋನಸ್ ಷೇರು ಮಾರಿದರೆ ತೆರಿಗೆ ಲೆಕ್ಕದಲ್ಲಿ ಅವುಗಳ ಖರೀದಿ ಬೆಲೆ ಸೊನ್ನೆ, ಹಳೆಯ ಹತ್ತು ಸಾವಿರಕ್ಕೆ ಮಾತ್ರ ಹಳೆಯ ಬೆಲೆ ಎಂದೂ ಬರೆದುಕೊಟ್ಟೆ. ಅವರು ಎಲ್ಲ ಕೇಳಿಸಿಕೊಂಡು ಒಪ್ಪಿ ಕೈ ಎತ್ತಿದರು.

ಲೆಕ್ಕದ ಪುಸ್ತಕದಲ್ಲಿ ಎರಡೇ ಜರ್ನಲ್ ಎಂಟ್ರಿ. ಮೂರು ಮೀಸಲು ಖಾತೆಗಳಿಗೆ ಡೆಬಿಟ್ ಹಾಕಿ ‘ಷೇರುದಾರರಿಗೆ ಬೋನಸ್’ ಖಾತೆಗೆ 60 ಲಕ್ಷ ಕ್ರೆಡಿಟ್, ಆಮೇಲೆ ಆ ಖಾತೆಗೆ ಡೆಬಿಟ್ ಹಾಕಿ ಷೇರು ಬಂಡವಾಳಕ್ಕೆ ಕ್ರೆಡಿಟ್. ಬ್ಯಾಂಕ್ ಖಾತೆ ಎಲ್ಲಿಯೂ ಬರುವುದಿಲ್ಲ. ಆದರೂ ಬ್ಯಾಂಕಿಗೆ ಕೊಡಲು ಅವರ ಅಕೌಂಟೆಂಟ್ ತಯಾರಿಸಿದ ಹಣದ ಹರಿವಿನ ಪಟ್ಟಿಯಲ್ಲಿ ‘ಹೊಸ ಬಂಡವಾಳ 60 ಲಕ್ಷ’ ಎಂದು ಒಳಬರುವ ಕಡೆ ಕೂತಿತ್ತು. ಕೊನೆಯ ನಗದು ಉಳಿಕೆ ಪಾಸ್‌ಬುಕ್‌ಗಿಂತ ಸರಿಯಾಗಿ 60 ಲಕ್ಷ ಹೆಚ್ಚು ಬಂದದ್ದರಿಂದಲೇ ಅದು ಸಿಕ್ಕಿತು. ಬೋನಸ್ ಮೊತ್ತದಷ್ಟೇ ವ್ಯತ್ಯಾಸ ಬಂದರೆ ನಾನು ಮೊದಲು ನೋಡುವುದು ಅಲ್ಲೇ. ಇನ್ನು ಖರ್ಚಿನ ವಿಷಯ: ಬೋನಸ್ ಕೊಡಲು ಆದ ಖರ್ಚು ಆದಾಯದ ಖರ್ಚೇ, ಅಂದರೆ ತೆರಿಗೆ ಲೆಕ್ಕದಲ್ಲಿ ಲಾಭದಿಂದ ಕಳೆಯಬಹುದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಧಿಕೃತ ಬಂಡವಾಳ ಏರಿಸಲು ಕಟ್ಟಿದ ಶುಲ್ಕ ಮಾತ್ರ ಬಂಡವಾಳದ ಖರ್ಚು. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸದೆ ಬೇರೆ ಬೇರೆ ಬಿಲ್ಲು ಮಾಡಿದ್ದೆ.

ಮರುವರ್ಷ ವಾರ್ಷಿಕ ಸಭೆಗೆ ಮುಂಚೆ ಹಿರಿಯರು ಫೋನ್ ಮಾಡಿ, “ಪ್ರತಿ ವರ್ಷದಂಗ 25 ಪರ್ಸೆಂಟ್ ಡಿವಿಡೆಂಡ್ ಬರೀರಿ” ಎಂದರು. ಹಿಂದೆ 20 ಲಕ್ಷದ ಮೇಲೆ ಶೇ. 25 ಅಂದರೆ 5 ಲಕ್ಷ. ಈಗ 80 ಲಕ್ಷದ ಮೇಲೆ ಅದೇ ಶೇ. 25 ಅಂದರೆ 20 ಲಕ್ಷ, ಆ ವರ್ಷದ ಲಾಭವೇ ಸುಮಾರು 24 ಲಕ್ಷ ಇತ್ತು, ಹೊಸ ಸಾಲದ ಕಂತು ಬೇರೆ. ಒಂದು ಷೇರಿನ ಗಳಿಕೆಯೂ 12 ರೂಪಾಯಿಯಿಂದ 3 ರೂಪಾಯಿಗೆ ಇಳಿದಿತ್ತು. ಹೋಲಿಕೆ ಕೆಡದಿರಲೆಂದು ಹಿಂದಿನ ವರ್ಷದ ಅಂಕಿಯನ್ನೂ ಎಂಟು ಲಕ್ಷ ಷೇರಿನ ಮೇಲೆಯೇ ತಿದ್ದಿ ತೋರಿಸಿದ್ದೆವು. ಕೊನೆಗೆ ಶೇ. 6.25 ಎಂದು ನಿರ್ಣಯವಾಯಿತು. ಧಾರವಾಡದ ಅಕ್ಕನವರಿಗೆ ತೆರಿಗೆ ಕಡಿತಕ್ಕೆ ಮುಂಚೆ ಸಲ್ಲಬೇಕಾದದ್ದು 25,000 ರೂಪಾಯಿ. ಬೋನಸ್‌ಗೆ ಮುಂಚೆ ಪ್ರತಿ ವರ್ಷ ಬರುತ್ತಿದ್ದದ್ದೂ ಅಷ್ಟೇ.