ನಂಬರ್ ಸೇವ್ ಮಾಡದೆ ಅತಿಥಿಗಳಿಗೆ ವಾಟ್ಸಾಪ್ ಕಳಿಸುವುದು: ನನ್ನ ಅನುಭವ

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಫೋನ್ ಮಾಡಿ ರೂಮ್ ಕೇಳಿದವರಿಗೆಲ್ಲ ಹೆಚ್ಚುಕಡಿಮೆ ಒಂದೇ ಮೆಸೇಜ್ ಹೋಗಬೇಕು. ದಾರಿ ಯಾವುದು, ಎಷ್ಟು ಹೊತ್ತಿಗೆ ಬರಬೇಕು, ಊಟಕ್ಕೆ ಯಾವಾಗ ಹೇಳಬೇಕು, ಇಷ್ಟೇ. ಒಂದು ರಾತ್ರಿ ಇದ್ದು ಹೋಗುವವರ ನಂಬರನ್ನೆಲ್ಲ ಸೇವ್ ಮಾಡುತ್ತಾ ಕೂರಲು ನನಗೆ ಇಷ್ಟವಿಲ್ಲ. ಅದಕ್ಕೇ ವಾಟ್ಸಾಪ್‌ನವರೇ ಕೊಟ್ಟಿರುವ ಈ ಲಿಂಕ್ ಬಳಸುತ್ತೇನೆ:

```
https://wa.me/919448XXXXXX?text=Namaskara
```

ಇದರಲ್ಲಿ ಮುಖ್ಯವಾದದ್ದು ಆ 91. ಪ್ಲಸ್, ಸೊನ್ನೆ, ಅಡ್ಡಗೆರೆ, ಜಾಗ ಯಾವುದೂ ಬೇಡ, ಆದರೆ ದೇಶದ ಕೋಡ್ ಇರಲೇಬೇಕು. ನಮ್ಮ ಕಡೆ 94ರಿಂದ ಶುರುವಾಗುವ ಬಿಎಸ್‌ಎನ್‌ಎಲ್ ನಂಬರ್‌ಗಳು ಜಾಸ್ತಿ, ಅಲ್ವಾ? 91 ಬಿಟ್ಟರೆ ಆ 94 ಶ್ರೀಲಂಕಾದ ಕೋಡ್ ಆಗಿಬಿಡುತ್ತದೆ. 98 ಆದರೆ ಇರಾನ್. ನಂಬರ್ ನೋಡಲು ಸರಿಯಾಗಿಯೇ ಇರುತ್ತದೆ, ಮೆಸೇಜ್ ಮಾತ್ರ ಹೋಗುವುದಿಲ್ಲ.

ಇನ್ನು text= ಆದ ಮೇಲಿನ ಬರಹ. ನೋಟ್ಸ್‌ನಲ್ಲಿ ಲಿಂಕ್ ಬರೆದಿಟ್ಟರೆ ಮೊದಲ ಜಾಗ ಸಿಕ್ಕಲ್ಲಿಗೇ ಲಿಂಕ್ ಮುಗಿಯುತ್ತದೆ. ಅದಕ್ಕೆ ಜಾಗವನ್ನು %20 ಎಂದೂ, ಹೊಸ ಸಾಲನ್ನು %0A ಎಂದೂ ಬರೆಯಬೇಕು. & ಇನ್ನೂ ತೊಂದರೆ ಕೊಡುತ್ತದೆ. ‘ಊಟ & ತಿಂಡಿಗೆ ಮೊದಲೇ ಹೇಳಿ’ ಎಂದು ಹಾಗೇ ಹಾಕಿದರೆ ಅತಿಥಿಗೆ ‘ಊಟ’ ಅಷ್ಟೇ ತಲುಪುತ್ತದೆ. & ನಂತರದ್ದು ಲಿಂಕಿನ ಬೇರೆ ಭಾಗ ಎಂದು ಲೆಕ್ಕ. ಅಲ್ಲಿ %26 ಬೇಕು.

ಇದನ್ನೆಲ್ಲ ಕೈಯಲ್ಲಿ ಮಾಡುವುದು ಬೇಡವೆಂದು ಗೂಗಲ್ ಶೀಟ್ಸ್‌ಗೆ ಒಪ್ಪಿಸಿದ್ದೇನೆ. A2ನಲ್ಲಿ ಜಾಗವಿಲ್ಲದೆ ಹತ್ತು ಅಂಕಿಯ ಮೊಬೈಲ್ ನಂಬರ್, B2ನಲ್ಲಿ ಮೆಸೇಜ್, C2ನಲ್ಲಿ ಇದು:

```
=HYPERLINK("https://wa.me/91"&A2&"?text="&ENCODEURL(B2),"ಕಳಿಸು")
```

ಜಾಗ, ಹೊಸ ಸಾಲು, &, ಕನ್ನಡ ಅಕ್ಷರ ಎಲ್ಲವನ್ನೂ ENCODEURL ಸರಿ ಮಾಡಿಕೊಡುತ್ತದೆ. ಕನ್ನಡದಲ್ಲಿ ಬರೆದರೆ ಲಿಂಕ್ ತುಂಬಾ ಉದ್ದವಾಗುತ್ತದೆ. ‘ಕ’ ಒಂದೇ %E0%B2%95 ಆಗುತ್ತದೆ. ಹಾಗಾಗಿ ನನ್ನ ಮೆಸೇಜ್ ನಾಲ್ಕು ಸಾಲು ದಾಟುವುದಿಲ್ಲ. ಮೊದಲ ಸಾಲಿನಲ್ಲಿ ನಮ್ಮ ಹೋಮ್‌ಸ್ಟೇ ಹೆಸರು ಇರಲೇಬೇಕು. ಅವರಿಗೆ ನಾವು ಗೊತ್ತಿಲ್ಲದ ನಂಬರ್. ಯಾರು ಎಂದು ತಿಳಿಯದಿದ್ದರೆ ಬ್ಲಾಕ್ ಮಾಡುತ್ತಾರೆ. ಆಮೇಲೆ ದಾರಿ, ಮಳೆಗಾಲವಾದರೆ ‘ಮಂಜು ಇರುತ್ತದೆ, ಕತ್ತಲಾಗುವ ಮುಂಚೆ ಬನ್ನಿ’, ಕೊನೆಗೆ ಊಟದ ಮಾತು.

‘ಕಳಿಸು’ ಒತ್ತಿದರೆ ಚಾಟ್ ತೆರೆದು ಬರಹ ತುಂಬಿಕೊಳ್ಳುತ್ತದೆ ಅಷ್ಟೇ, ತಾನಾಗಿ ಹೋಗುವುದಿಲ್ಲ. ಕಳಿಸುವ ಬಾಣವನ್ನು ನಾವೇ ಒತ್ತಬೇಕು. ಇದು ನನಗೆ ಅನುಕೂಲವೇ. ಬರುವವರ ಹೆಸರು, ತಾರೀಖು ಅಲ್ಲೇ ಸೇರಿಸುತ್ತೇನೆ. ಮನೆಯ ಫೋಟೋ ಮಾತ್ರ ಲಿಂಕಿನಲ್ಲಿ ಹೋಗುವುದಿಲ್ಲ, ಚಾಟ್ ತೆರೆದ ಮೇಲೆ ಬೇರೆಯಾಗಿ ಹಾಕಬೇಕು.

ಆ ನಂಬರ್ ವಾಟ್ಸಾಪ್‌ನಲ್ಲಿ ಇಲ್ಲ ಎಂದು ಬಂದರೆ ಮೊದಲು A2ನ ಅಂಕಿ ಎಣಿಸುತ್ತೇನೆ. ಮುಂದೆ ಒಂದು ಸೊನ್ನೆಯೋ ಇನ್ನೊಂದು 91ಓ ಸೇರಿಕೊಂಡಿರುವುದುಂಟು. ಹತ್ತೇ ಇದ್ದು, ಅಂಕಿಗಳೂ ಸರಿಯಾಗಿದ್ದರೆ ಅವರಿಗೆ ಆ ನಂಬರಿನಲ್ಲಿ ವಾಟ್ಸಾಪ್ ಇಲ್ಲ. ಆಗ ಅದೇ ಮಾತನ್ನು ಸಾದಾ ಎಸ್‌ಎಂಎಸ್‌ನಲ್ಲಿ ಕಳಿಸುತ್ತೇನೆ.