ಒಂದೇ ಇಸ್ತ್ರಿ ಪೆಟ್ಟಿಗೆ, ಎರಡು ಚೀಟಿ

ನಾನು ಮಾರುಕಟ್ಟೆ ಸಮೀಕ್ಷೆ ಮಾಡುವವಳು. ಒಮ್ಮೆ ಇಸ್ತ್ರಿ ಪೆಟ್ಟಿಗೆ ತಯಾರಿಸುವವರೊಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು. "ಡಬ್ಬದ ಮೇಲೆ 'ನಮ್ಮ ದೇಶದಲ್ಲೇ ತಯಾರಾದದ್ದು' ಅಂತ ದೊಡ್ಡದಾಗಿ ಹಾಕಿದರೆ ಜಾಸ್ತಿ ಮಾರಾಟ ಆಗುತ್ತಾ?"

ಸುಲಭದ ಕೆಲಸ ಅಂದುಕೊಂಡೆ. ಜನರನ್ನೇ ನೇರವಾಗಿ ಕೇಳಿದೆ: "ಕೊಳ್ಳುವಾಗ ಯಾವ ದೇಶದ್ದು ಅಂತ ನೋಡುತ್ತೀರಾ?" ಕೆಲವರು ಎದೆ ಉಬ್ಬಿಸಿ "ನಮ್ಮದೇ ತಗೊಳ್ಳೋದು" ಅಂದರು. ಉಳಿದವರು "ಅದನ್ನೆಲ್ಲ ಯಾರು ನೋಡ್ತಾರೆ, ಚೆನ್ನಾಗಿದ್ದರೆ ಸಾಕು" ಅಂದರು. ಎರಡು ಉತ್ತರವನ್ನೂ ನಂಬುವ ಹಾಗಿರಲಿಲ್ಲ. ಮೊದಲನೆಯವರು ಒಳ್ಳೆಯವರಾಗಿ ಕಾಣಲು ಹಾಗೆ ಹೇಳಿರಬಹುದು. ಎರಡನೆಯವರಿಗೆ ಚೀಟಿ ತಮ್ಮ ಮೇಲೆ ಏನು ಮಾಡುತ್ತದೆ ಅನ್ನುವುದು ತಮಗೇ ಗೊತ್ತಿರಲಿಕ್ಕಿಲ್ಲ. ಅಲ್ಲಿಗೆ ಒಂದು ವಾರ ವ್ಯರ್ಥವಾಯಿತು.

ಆಮೇಲೆ ಹಳೆಯ ದಾರಿಗೇ ಬಂದೆ. ರಾಬರ್ಟ್ ಸ್ಕೂಲರ್ ಎಂಬವರು 1965ರಲ್ಲಿ ಗ್ವಾಟೆಮಾಲಾದಲ್ಲಿ ಮಾಡಿದ ಪ್ರಯೋಗ ಪ್ರಕಟಿಸಿದ್ದರು. ವಸ್ತು ಒಂದೇ, ಅದರ ಮೇಲಿನ ದೇಶದ ಹೆಸರು ಮಾತ್ರ ಬೇರೆ. ಹೆಸರು ಬದಲಾದಂತೆ ಜನರ ಅಭಿಪ್ರಾಯವೂ ಬದಲಾಯಿತು. ತಯಾರಾದ ದೇಶದ ಪರಿಣಾಮವನ್ನು ಅಳೆಯುವ ಕೆಲಸ ಶುರುವಾಗಿದ್ದೇ ಹೆಚ್ಚುಕಮ್ಮಿ ಅಲ್ಲಿಂದ.

ನಾನೂ ಅದನ್ನೇ ಮಾಡಿದೆ. ಒಂದೇ ಮಾದರಿಯ ಇಸ್ತ್ರಿ ಪೆಟ್ಟಿಗೆಗಳ ಕಂಪನಿ ಹೆಸರು ಅಳಿಸಿದೆ. ಅರ್ಧಕ್ಕೆ ನಮ್ಮ ದೇಶದ ಹೆಸರಿನ ಚೀಟಿ, ಇನ್ನರ್ಧಕ್ಕೆ ಜರ್ಮನಿ ಎಂಬ ಚೀಟಿ ಅಂಟಿಸಿದೆ. ಒಟ್ಟು 120 ಜನ. ಯಾರಿಗೆ ಯಾವುದು ಅನ್ನುವುದನ್ನು ಲಾಟರಿ ಎತ್ತಿ ನಿರ್ಧರಿಸಿದೆವು. ಒಬ್ಬರಿಗೆ ಒಂದನ್ನು ಮಾತ್ರ ತೋರಿಸಿದೆವು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಇದು ದೇಶದ ಪರೀಕ್ಷೆ ಅಂತ ಯಾರಿಗಾದರೂ ಗೊತ್ತಾಗುತ್ತದೆ ಅಲ್ವಾ? ಮುಗಿದ ಮೇಲೆ ಪ್ರತಿಯೊಬ್ಬರಿಗೂ ಚೀಟಿ ನಾವೇ ಅಂಟಿಸಿದ್ದು ಅಂತ ತಿಳಿಸಿದೆವು. ಸುಳ್ಳು ಚೀಟಿ ಇಟ್ಟ ಮೇಲೆ ಇದನ್ನು ಬಿಡುವಂತಿಲ್ಲ.

ಎರಡು ವಿಷಯವನ್ನು ಬೇರೆ ಬೇರೆಯಾಗಿ ಕೇಳಿದೆ. ಎಷ್ಟು ಬಾಳಿಕೆ ಬರಬಹುದು, 7ಕ್ಕೆ ಎಷ್ಟು ಅಂಕ? ಕೊಳ್ಳುತ್ತೀರಾ, 7ಕ್ಕೆ ಎಷ್ಟು? ಜರ್ಮನಿ ಚೀಟಿ ಇದ್ದದ್ದಕ್ಕೆ ಬಾಳಿಕೆಯಲ್ಲಿ ಸುಮಾರು ಒಂದು ಅಂಕ ಹೆಚ್ಚು ಸಿಕ್ಕಿತು. ತಳ ಮುಟ್ಟಿ ನೋಡಿ, "ಹೂಂ, ಗಟ್ಟಿಯಾಗಿದೆ, ಭಾರ ನೋಡಿ" ಅಂದವರೂ ಇದ್ದರು. ಅದೇ ತಳ, ಅದೇ ಭಾರ! ಆದರೆ ಕೊಳ್ಳುವ ಪ್ರಶ್ನೆಗೆ ಬಂದಾಗ ಆ ಅಂತರ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇದು ನನ್ನೊಬ್ಬಳ ಅನುಭವ ಅಲ್ಲ. ಈ ಬಗೆಯ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರಿಗೂ ಹೀಗೇ ಕಂಡಿದೆ: ದೇಶದ ಹೆಸರು ಗುಣಮಟ್ಟದ ಅಂದಾಜನ್ನು ಎಷ್ಟು ಅಲುಗಾಡಿಸುತ್ತದೋ, ಕೊಳ್ಳುವ ಮನಸ್ಸನ್ನು ಅಷ್ಟು ಅಲುಗಾಡಿಸುವುದಿಲ್ಲ.

ಇನ್ನು ಸ್ವದೇಶದ ಒಲವು. ಇದನ್ನು ಅಳೆಯಲು 1987ರಲ್ಲಿ ಶಿಂಪ್ ಮತ್ತು ಶರ್ಮಾ ಅಮೆರಿಕದ ಗ್ರಾಹಕರಿಗಾಗಿ ಒಂದು ಮಾಪಕ ಕಟ್ಟಿದರು. ಅದರ ಹೆಸರು ಸೆಟ್‌ಸ್ಕೇಲ್. 17 ಹೇಳಿಕೆಗಳು, ಪ್ರತಿಯೊಂದನ್ನೂ 1ರಿಂದ 7ರವರೆಗೆ ಎಷ್ಟು ಒಪ್ಪುತ್ತೀರಿ ಅಂತ ಹೇಳಬೇಕು. ಅದರ 10 ಹೇಳಿಕೆಗಳ ಚಿಕ್ಕ ರೂಪವೂ ಇದೆ, ನಾನು ಬಳಸಿದ್ದು ಅದನ್ನೇ. ಕನಿಷ್ಠ 10, ಗರಿಷ್ಠ 70. ಇದು ಕೇಳುವುದು ವಸ್ತು ಚೆನ್ನಾಗಿದೆಯಾ ಅಂತ ಅಲ್ಲ. ಹೊರಗಿನದನ್ನು ಕೊಳ್ಳುವುದು ಸರಿಯಾ, ಅದರಿಂದ ನಮ್ಮವರ ಕೆಲಸ ಹೋಗುವುದಿಲ್ಲವಾ ಅಂತ.

ಅನುವಾದದಲ್ಲೇ ಎಡವಿದೆ. ಹೊರದೇಶದ ವಸ್ತು ಕೊಳ್ಳುವುದು ಅಮೆರಿಕನ್ನರಿಗೆ ತಕ್ಕದ್ದಲ್ಲ ಅನ್ನುವ ಅರ್ಥದ ಹೇಳಿಕೆ ಅದರಲ್ಲಿದೆ. ಅದನ್ನು ನಾನು "ದೇಶದ್ರೋಹ" ಅಂತ ಬರೆದುಬಿಟ್ಟೆ. ಮೊದಲು ಕೇಳಿದ ಹತ್ತು ಜನರಲ್ಲಿ ಉಳಿದ ಹೇಳಿಕೆಗಳಿಗೆ 5, 6 ಕೊಟ್ಟವರೂ ಇದಕ್ಕೆ 1 ಕೊಟ್ಟರು. ಒಬ್ಬ ಯಜಮಾನರು ಕನ್ನಡಕ ತೆಗೆದು, "ಅಲ್ಲ ಮೇಡಂ, ಒಂದು ಇಸ್ತ್ರಿ ಪೆಟ್ಟಿಗೆಗೆ ದೇಶದ್ರೋಹ ಅಂತೀರಾ?" ಅಂದರು. ಒಂದು ಹೇಳಿಕೆಯ ಅಂಕ ಉಳಿದವುಗಳ ಜೊತೆ ಏರಿಳಿಯದಿದ್ದರೆ ಜನರ ಮನಸ್ಸಿಗಿಂತ ಮೊದಲು ವಾಕ್ಯವನ್ನೇ ಅನುಮಾನಿಸಬೇಕು. "ನಮ್ಮ ದೇಶದವರಿಗೆ ಒಪ್ಪುವ ಕೆಲಸವಲ್ಲ" ಅಂತ ತಿದ್ದಿದೆ. ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿದೆ. ಆಮೇಲೆ ಸರಿಹೋಯಿತು.

ಎರಡನೇ ಎಡವಟ್ಟು ಇದಕ್ಕಿಂತ ದೊಡ್ಡದು. ಮೊದಲು ಪೆಟ್ಟಿಗೆ ತೋರಿಸಿ, ಮಾಪಕದ ಹೇಳಿಕೆಗಳನ್ನು ಕೊನೆಗೆ ಕೇಳಬೇಕು ಅಂತ ಹೇಳಿದ್ದೆ. ಒಬ್ಬ ಹುಡುಗ ಹಾಳೆಗಳನ್ನು ತಿರುವುಮುರುವು ಜೋಡಿಸಿಕೊಂಡಿದ್ದ. ಅವನು ಮಾತಾಡಿಸಿದ 20 ಜನರಲ್ಲಿ ಸ್ವದೇಶಿ ಪೆಟ್ಟಿಗೆಗೆ ಎಲ್ಲಿಲ್ಲದ ಪ್ರೀತಿ. ಸಂಜೆ ಒಬ್ಬೊಬ್ಬರ ಲೆಕ್ಕ ಬೇರೆಯಾಗಿ ಹಾಕಿದಾಗ ಸಿಕ್ಕಿಬಿತ್ತು. ನಮ್ಮವರ ಕೆಲಸ, ನಮ್ಮವರ ಅನ್ನ ಅಂತ ಹತ್ತು ಸಲ ಓದಿದ ಮೇಲೆ ಎದುರಿಗಿರುವ ಜರ್ಮನಿ ಚೀಟಿಗೆ ಯಾರು ತಾನೇ ಒಳ್ಳೆಯ ಅಂಕ ಕೊಡುತ್ತಾರೆ? ಆ 20 ಹಾಳೆಗಳನ್ನು ಪಕ್ಕಕ್ಕಿಟ್ಟು ಬೇರೆ 20 ಜನರನ್ನು ಹಿಡಿದೆವು.

ಕೊನೆಗೆ ಸಿಕ್ಕ ಚಿತ್ರ ನಾನು ಅಂದುಕೊಂಡಂತೆ ಇರಲಿಲ್ಲ. ಮಾಪಕದಲ್ಲಿ 50 ದಾಟಿದವರು ಹೊರಗಿನದನ್ನು ಕಳಪೆ ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಬಾಳಿಕೆಗೆ ಅವರು ಕೊಟ್ಟ ಅಂಕವೂ ಬೇರೆಯವರು ಕೊಟ್ಟಷ್ಟೇ. ವ್ಯತ್ಯಾಸ ಇದ್ದದ್ದು ಕೊಳ್ಳುವ ಪ್ರಶ್ನೆಯಲ್ಲಿ. "ಅದು ಚೆನ್ನಾಗಿದೆ, ಗೊತ್ತು. ಆದರೂ ನಮ್ಮದೇ ಇರಲಿ" ಅನ್ನುವ ಧಾಟಿ. ಅಂದರೆ ದೇಶದ ಹೆಸರು ಎರಡು ಕೆಲಸ ಮಾಡುತ್ತದೆ. ಒಂದು ಗುಣಮಟ್ಟದ ಸುಳಿವು, ಇನ್ನೊಂದು ಸರಿ ತಪ್ಪಿನ ಮಾತು. ಬರೀ ಗುಣಮಟ್ಟ ಕೇಳಿ ಬಂದಿದ್ದರೆ ಎರಡನೆಯದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಒಂದು ದೇಶದ ಮೇಲಿನ ಸಿಟ್ಟು ಇದರೊಳಗೆ ಬೆರೆಯಬಾರದು. ಅದು ಬೇರೆಯೇ ವಿಷಯ. ಕ್ಲೈನ್ ಮತ್ತು ಜೊತೆಗಾರರು ಚೀನಾದ ನಾನ್‌ಜಿಂಗ್‌ನಲ್ಲಿ ಮಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಜಪಾನಿನ ವಸ್ತುಗಳ ಬಗ್ಗೆ ಇದನ್ನೇ ತೋರಿಸಿತು: ಜಪಾನ್ ನಡೆಸಿದ ಯುದ್ಧದ ಸಿಟ್ಟು ಇದ್ದವರು ವಸ್ತು ಚೆನ್ನಾಗಿದೆ ಅಂತ ಒಪ್ಪಿಕೊಂಡೇ ಅದನ್ನು ದೂರ ಇಡುತ್ತಿದ್ದರು. ಅಂಥವರು ಇನ್ನೊಂದು ಹೊರದೇಶದ್ದನ್ನು ಖುಷಿಯಿಂದ ಕೊಳ್ಳಬಹುದು. ಸೆಟ್‌ಸ್ಕೇಲ್‌ನಲ್ಲಿ ಎತ್ತರದ ಅಂಕ ಪಡೆದವರಿಗೆ ಎಲ್ಲ ಹೊರದೇಶವೂ ಒಂದೇ.

ಉಳಿದದ್ದು ಒಂದು ಅನುಮಾನ. ಚೀಟಿ ಬಿಟ್ಟರೆ ನೋಡಲು ಬೇರೇನೂ ಕೊಡದಿದ್ದರೆ ಜನ ಚೀಟಿಯನ್ನೇ ನೋಡುತ್ತಾರೆ. 1982ರಲ್ಲಿ ಬಿಲ್ಕಿ ಮತ್ತು ನೆಸ್ ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ ಎತ್ತಿದ್ದ ತಕರಾರು ಇದೇ. ಹಾಗಾಗಿ ಬೇರೆ 40 ಜನರಿಗೆ ಅದೇ ಎರಡು ಚೀಟಿಗಳ ಜೊತೆ ಬೆಲೆ, ಗ್ಯಾರಂಟಿಯ ವರ್ಷ, ತೂಕ ಎಲ್ಲ ಬರೆದ ಕಾರ್ಡು ಕೊಟ್ಟೆ. ಬಾಳಿಕೆಯ ಅಂತರ ಬಹುತೇಕ ಕರಗಿತು. ಗ್ಯಾರಂಟಿ ಎರಡು ವರ್ಷ ಅಂತ ಕಂಡ ಮೇಲೆ ದೇಶ ನೋಡಿ ಬಾಳಿಕೆ ಊಹಿಸುವ ಅಗತ್ಯ ಯಾರಿಗಿದೆ? 50 ದಾಟಿದವರ "ನಮ್ಮದೇ ಇರಲಿ" ಮಾತ್ರ ಅಷ್ಟಾಗಿ ಕರಗಲಿಲ್ಲ. ಆದರೂ 40 ಜನ ಕಡಿಮೆಯೇ. ಅದರ ಮೇಲೆ ದೊಡ್ಡ ಮಾತು ಕಟ್ಟಲು ನನಗೆ ಧೈರ್ಯ ಇಲ್ಲ.

ಇನ್ನೊಂದನ್ನು ಸುಮ್ನೆ ಕುತೂಹಲಕ್ಕೆ ಕೇಳಿದ್ದೆ. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಎಲ್ಲಿ ತಯಾರಾದದ್ದು? ಹೇಳಿ, ಆಮೇಲೆ ತಿರುಗಿಸಿ ನೋಡಿ. ಎಲ್ಲ ಹೇಳಿಕೆಗೂ 7 ಕೊಟ್ಟಿದ್ದ ಒಬ್ಬ ಅಜ್ಜಿ "ನಮ್ಮದೇ" ಅಂದರು. ತಿರುಗಿಸಿದರೆ ಹೊರದೇಶದ ಹೆಸರು. ಸ್ವಲ್ಪ ಹೊತ್ತು ನೋಡಿ, "ಇದನ್ನ ತಂದಿದ್ದು ಸೊಸೆ" ಅಂದು ವೈರು ಸುತ್ತಿಟ್ಟರು.

ತಯಾರಕರಿಗೆ ಬರೆದುಕೊಟ್ಟದ್ದು ಚಿಕ್ಕದು. ಗ್ಯಾರಂಟಿ ದೊಡ್ಡದಾಗಿ, ಮುಂಭಾಗದಲ್ಲಿ. ದೇಶದ ಹೆಸರು ಅದರ ಕೆಳಗೇ, ಸಾಧಾರಣ ಅಕ್ಷರದಲ್ಲಿ. ಹುಡುಕುವವರಿಗೆ ಸಿಗುತ್ತದೆ, ಬಾಳಿಕೆಯ ಅನುಮಾನ ಇರುವವರಿಗೆ ಅದಕ್ಕಿಂತ ಮೊದಲೇ ಗ್ಯಾರಂಟಿ ಕಾಣುತ್ತದೆ. ಅವರು ಬಾವುಟದ ಚಿತ್ರ ಬೇಕೇ ಬೇಕು ಅಂತ ಹಟ ಹಿಡಿದರು. ಗ್ಯಾರಂಟಿಯ ಪಕ್ಕದಲ್ಲಿ ಚಿಕ್ಕದೊಂದು ಹಾಕಿದರು.