100 ಜನರಲ್ಲಿ 105 ಜನಕ್ಕೆ ಕಾಲು ತೆಗೆದ ಕಥೆ: ಆಡ್ಸ್ ರೇಷಿಯೋನ ವಾಕ್ಯ ಮಾಡೋಕೆ ನಾನು ಕಲ್ತಿದ್ದು

ಸರ್ಜರಿ ಪಿಜಿ ಮುಗಿದ ಮೇಲೆ ಥೀಸಿಸ್ಸನ್ನ ಪೇಪರ್ ಮಾಡೋಣ ಅಂತ ಕೂತಿದ್ದೆ. ವಿಷ್ಯ ಡಯಾಬಿಟಿಕ್ ಫೂಟ್, ಅಂದ್ರೆ ಕಾಲಲ್ಲಿ ಹುಣ್ಣಾಗಿ ಅಡ್ಮಿಟ್ ಆದ ಶುಗರ್ ಪೇಷಂಟ್‌ಗಳಲ್ಲಿ ಯಾರ್ಯಾರಿಗೆ ಆಂಪ್ಯುಟೇಶನ್ ಆಯ್ತು ಅನ್ನೋದು. ಇಲ್ಲಿ ಕೊಡೋ ನಂಬರ್‌ಗಳು ಥೀಸಿಸ್ಸಿನವಲ್ಲ, ಲೆಕ್ಕ ಕಣ್ಣಿಗೆ ಕಾಣ್ಲಿ ಅಂತ ರೌಂಡ್ ಮಾಡಿ ಬದಲಾಯಿಸ್ಕೊಂಡಿದೀನಿ, ತಪ್ಪುಗಳು ಮಾತ್ರ ನನ್ನವೇ. ಬೀಡಿ ಸಿಗರೇಟ್ ಸೇದೋರು 100 ಜನ, ಅವ್ರಲ್ಲಿ 60 ಜನಕ್ಕೆ ಆಂಪ್ಯುಟೇಶನ್. ಸೇದದೇ ಇರೋರು 100 ಜನ, ಅವ್ರಲ್ಲಿ 30.

ಆಡ್ಸ್ ರೇಷಿಯೋ 3.5 ಬಂತು. ನಾನು ಖುಷಿಯಾಗಿ "ಸೇದೋರಿಗೆ ಆಂಪ್ಯುಟೇಶನ್ ಆಗೋ ರಿಸ್ಕ್ ಸೇದದೇ ಇರೋರ 3.5 ಪಟ್ಟು" ಅನ್ನೋ ಅರ್ಥದಲ್ಲಿ ಇಂಗ್ಲಿಷಲ್ಲಿ ಬರ್ದು ಕಮ್ಯುನಿಟಿ ಮೆಡಿಸಿನ್ ಮೇಡಂಗೆ ತೋರಿಸ್ದೆ. ಅವ್ರು ಓದಿ ಒಂದೇ ಪ್ರಶ್ನೆ ಕೇಳಿದ್ರು: "ಸೇದದೇ ಇರೋರ ರಿಸ್ಕ್ ಎಷ್ಟಪ್ಪಾ?" 30 ಪರ್ಸೆಂಟ್ ಮೇಡಂ ಅಂದೆ. "ಅದರ ಮೂರೂವರೆ ಪಟ್ಟು ಅಂದ್ರೆ 105. ನೂರು ಜನ ಬಂದ್ರೆ ನೂರೈದು ಜನಕ್ಕೆ ಕಾಲು ತೆಗಿತೀರಾ ನೀವು?"

ಆಮೇಲೆ ಅವ್ರೇ ಒಂದು ಉಪಾಯ ಹೇಳಿದ್ರು, ಮೊದಲು ಕನ್ನಡದಲ್ಲಿ ಬರ್ಕೋ, ಆಮೇಲೆ ಇಂಗ್ಲಿಷ್ ಮಾಡು ಅಂತ. ಕನ್ನಡದಲ್ಲಿ ಬರೆಯೋಕೆ ಹೋದಾಗ್ಲೇ ಗೊತ್ತಾಗಿದ್ದು ಆಡ್ಸ್ ಅಂದ್ರೆ ಏನು ಅಂತ ನಂಗೇ ಸರಿಯಾಗಿ ಗೊತ್ತಿಲ್ಲ ಅಂತ. "ಸಾಧ್ಯತೆ" ಅಂತ ಹಾಕಿದ್ರೆ ಅದು ರಿಸ್ಕ್ ಆಗ್ಬಿಡುತ್ತೆ. ಕೊನೆಗೆ ಹೀಗೆ ಬರ್ಕೊಂಡೆ: ರಿಸ್ಕ್ ಅಂದ್ರೆ ಒಟ್ಟು ಜನದಲ್ಲಿ ಆದವರೆಷ್ಟು, ಆಡ್ಸ್ ಅಂದ್ರೆ ಆಗದೇ ಇರೋ ಒಬ್ಬರಿಗೆ ಆದವರೆಷ್ಟು. ಸೇದೋರಲ್ಲಿ 60ಕ್ಕೆ 40, ಅಂದ್ರೆ 1.5. ಸೇದದವರಲ್ಲಿ 30ಕ್ಕೆ 70, ಅಂದ್ರೆ 0.43. ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ 3.5. ರಿಸ್ಕ್ ಮಾತ್ರ 60 ಬೈ 30, ಬರೀ ಎರಡು ಪಟ್ಟು! ಔಟ್‌ಕಮ್ ಅಪರೂಪದ್ದಾಗಿದ್ರೆ, ನೂರಕ್ಕೆ ಎರಡು ಮೂರು ಜನಕ್ಕೆ ಆಗೋದಾಗಿದ್ರೆ, ಎರಡೂ ಹತ್ರಹತ್ರ ಬರುತ್ತೆ, ಆದ್ರೆ ನಮ್ಮ ವಾರ್ಡಲ್ಲಿ ಆಂಪ್ಯುಟೇಶನ್ ಅಪರೂಪ ಅಲ್ವಲ್ಲ.

ಹಾಗಾಗಿ ಪೇಪರಿಗೆ ಹೋದ ವಾಕ್ಯದ ಕನ್ನಡ ರೂಪ ಇದು: "ಆಂಪ್ಯುಟೇಶನ್ ಸೇದೋರಲ್ಲಿ 100ಕ್ಕೆ 60 ಜನಕ್ಕೆ, ಸೇದದೇ ಇರೋರಲ್ಲಿ 100ಕ್ಕೆ 30 ಜನಕ್ಕೆ ಆಯ್ತು, ಸೇದೋರಲ್ಲಿ ಆಂಪ್ಯುಟೇಶನ್ನಿನ ಆಡ್ಸ್ ಸೇದದೇ ಇರೋರಿನ ಆಡ್ಸಿನ 3.5 ಪಟ್ಟು ಇತ್ತು (95% ಕಾನ್ಫಿಡೆನ್ಸ್ ಇಂಟರ್ವಲ್ 1.95 ರಿಂದ 6.29)." ಉದ್ದ ಆಯ್ತು ನಿಜ, ಆದ್ರೆ ಕಚ್ಚಾ ಎಣಿಕೆ ಅದೇ ವಾಕ್ಯದಲ್ಲಿದ್ರೆ ಓದೋರು 3.5 ನೋಡಿ ಗಾಬರಿ ಬೀಳಲ್ಲ. "3.5 ಪಟ್ಟು ಜಾಸ್ತಿ" ಅಂತ ಬರೀಲಿಲ್ಲ ಗಮನಿಸಿ, "ಜಾಸ್ತಿ" ಸೇರಿಸಿದ್ರೆ ಕೆಲವ್ರು 4.5 ಪಟ್ಟು ಅಂತ ಓದ್ಕೋತಾರೆ, ಆ ಜಗಳನೇ ಬೇಡ.

ಇನ್ನೊಂದು ಅವಾಂತರ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ನಲ್ಲಿ ಆಯ್ತು. ವಯಸ್ಸು, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಎಲ್ಲ ಸೇರಿಸೋ ಮುಂಚೆ ಸ್ಮೋಕಿಂಗ್ ಒಂದನ್ನೇ ಹಾಕಿ ಮಾಡೆಲ್ ಓಡಿಸ್ದಾಗ ಆಡ್ಸ್ ರೇಷಿಯೋ ಬರೋ `Exp(B)` ಕಾಲಮ್ಮಿನ ಕೆಳಗೆ 0.29, ಇಂಟರ್ವಲ್ 0.16 ರಿಂದ 0.51. ಅಂದ್ರೆ ಬೀಡಿ ಸೇದಿದ್ರೆ ಕಾಲು ಉಳಿಯುತ್ತೆ! ಅರ್ಧ ದಿನ ಡೇಟಾ ಎಂಟ್ರಿ ಮಾಡಿದ ಹುಡುಗನ್ನ ಮನಸಲ್ಲೇ ಬೈಕೊಂಡೆ, ಪಾಪ, ಅವನ ತಪ್ಪೇನೂ ಇರ್ಲಿಲ್ಲ. ನಾನು 0/1 ಕೋಡ್ ಮಾಡಿದ ಸ್ಮೋಕಿಂಗನ್ನ `Categorical` ಡಬ್ಬಕ್ಕೆ ಹಾಕಿದ್ದೆ, ಅಲ್ಲಿ ರೆಫರೆನ್ಸ್, ಅಂದ್ರೆ ಯಾರಿಗೆ ಹೋಲಿಸ್ತೀವೋ ಆ ಗುಂಪು, ಡಿಫಾಲ್ಟಾಗಿ `Last` ಇರುತ್ತೆ, ಹಾಗಾಗಿ 1 ಅಂದ್ರೆ ಸೇದೋರೇ ರೆಫರೆನ್ಸ್ ಆಗಿ ಎಲ್ಲ ತಲೆಕೆಳಗಾಗಿತ್ತು. 1 ನ್ನ 3.5 ರಿಂದ ಭಾಗಿಸಿ ನೋಡಿ, 0.29 ಬರುತ್ತೆ. ಈಗ ಸಿಂಟ್ಯಾಕ್ಸಲ್ಲೇ ಬರೀತೀನಿ:

```
LOGISTIC REGRESSION VARIABLES amput
  /METHOD=ENTER smoking age10 hba1c
  /CONTRAST (smoking)=Indicator(1)
  /PRINT=CI(95).
```

`Indicator(1)` ಅಂದ್ರೆ ಮೊದಲನೇ ಕೆಟಗರಿ, ಅಂದ್ರೆ ಸೇದದವರು, ರೆಫರೆನ್ಸ್. ಔಟ್‌ಕಮ್ಮಲ್ಲಿ ಆಂಪ್ಯುಟೇಶನ್ ಆಗಿದ್ದು 1 ಇದೆಯಾ ಅಂತನೂ ನೋಡ್ಕೋಬೇಕು. ಇದಕ್ಕಿಂತ ಮುಂಚೆ ಒಂದು ಸಾದಾ ಕ್ರಾಸ್‌ಟ್ಯಾಬ್ ಹಾಕಿಟ್ಕೋತೀನಿ, ಅಲ್ಲಿ ಪರ್ಸೆಂಟೇಜ್ ಒಂದು ದಿಕ್ಕು, ಕ್ರೂಡ್ ಆಡ್ಸ್ ರೇಷಿಯೋ ಇನ್ನೊಂದು ದಿಕ್ಕು ತೋರಿಸ್ತಿದ್ರೆ ಕೋಡಿಂಗ್ ಕೆಟ್ಟಿದೆ ಅಂತಾನೇ ಅರ್ಥ.

ಸಿಂಟ್ಯಾಕ್ಸಲ್ಲಿ `age10` ಯಾಕೆ ಅಂದ್ರೆ, ವಯಸ್ಸನ್ನ ಹಾಗೇ ಹಾಕಿದಾಗ 1.03 (1.01 ರಿಂದ 1.05) ಬಂತು, ನೋಡಿದೋರೆಲ್ಲ ಇಷ್ಟೇನಾ ಅಂದ್ರು. ಅದು ಒಂದೊಂದು ವರ್ಷಕ್ಕೆ. ವಯಸ್ಸನ್ನ 10 ರಿಂದ ಭಾಗಿಸಿ ಹಾಕಿದ್ರೆ ಅದೇ ಮಾಡೆಲ್ 1.34 (1.11 ರಿಂದ 1.64) ಕೊಡುತ್ತೆ, ವಾಕ್ಯನೂ ಸಲೀಸು: "ವಯಸ್ಸು ಪ್ರತಿ 10 ವರ್ಷ ಹೆಚ್ಚಾದಾಗ ಆಡ್ಸ್ 34% ಹೆಚ್ಚು." ವರ್ಷಕ್ಕೆ 3, ಹತ್ತು ವರ್ಷಕ್ಕೆ 30 ಅಂತ ಕೂಡಿಸಬೇಡಿ, ಇದು ಚಕ್ರಬಡ್ಡಿ ಲೆಕ್ಕ. ಯೂನಿಟ್ ಬರೀದೆ ಬಿಟ್ರೆ ಆ ನಂಬರಿಗೆ ಅರ್ಥನೇ ಇಲ್ಲ.

ಎಲ್ಲ ಸೇರಿಸಿದ ಮೇಲೆ ಸ್ಮೋಕಿಂಗ್ 2.9ಕ್ಕೆ ಇಳೀತು, ಇಂಟರ್ವಲ್ 1.5 ರಿಂದ 5.6. ಇಲ್ಲಿ ವಾಕ್ಯ ಬದಲಾಗ್ಬೇಕು, ಯಾಕಂದ್ರೆ ಈಗ ಹೋಲಿಕೆ ಒಂದೇ ವಯಸ್ಸಿನ, ಒಂದೇ ಎಚ್‌ಬಿಎ1ಸಿ ಇರೋರ ನಡುವೆ. ಯಾವ್ಯಾವುದಕ್ಕೆ ಅಡ್ಜಸ್ಟ್ ಮಾಡಿದ್ವಿ ಅಂತ ಹೆಸರು ಹಿಡಿದು ಬರ್ದೆ. ಸೇದೋದು "ಹೆಚ್ಚಿಸಿತು" ಅನ್ನಲಿಲ್ಲ, ಹಳೇ ಕೇಸ್ ಶೀಟ್ ತೆಗೆದು ಮಾಡಿದ ಸ್ಟಡಿ, "ಸಂಬಂಧ ಕಂಡುಬಂತು" ಅಷ್ಟೇ.

ನಂಗೆ ತುಂಬಾ ಹೊತ್ತು ಹಿಡಿದಿದ್ದು ಕಿಡ್ನಿ ತೊಂದರೆಯ ಸಾಲು. ಇದನ್ನೂ ಮಾಡೆಲ್ಲಿಗೆ ಸೇರಿಸಿ ನೋಡಿದಾಗ 1.8, ಇಂಟರ್ವಲ್ 0.9 ರಿಂದ 3.6. ನನ್ನ ಡ್ರಾಫ್ಟಲ್ಲಿ "ಸಂಬಂಧ ಇಲ್ಲ" ಅಂತಿತ್ತು. ಮೇಡಂ ಅದನ್ನ ಹೊಡೆದು ಹಾಕಿ, ಇಲ್ಲ ಅಂತ ಹೇಳೋಕೆ ನಿನ್ನ ಹತ್ರ ಏನಿದೆ ಅಂದ್ರು. ನಿಜ, ಆ ಇಂಟರ್ವಲ್ ಪ್ರಕಾರ ಆಡ್ಸ್ 10% ಕಮ್ಮಿ ಇದ್ರೂ ಡೇಟಾಗೆ ಹೊಂದುತ್ತೆ, 3.6 ಪಟ್ಟು ಇದ್ರೂ ಹೊಂದುತ್ತೆ. 1 ಒಳಗಿದೆ ಅಂತ ಮಾತ್ರಕ್ಕೆ ಪರಿಣಾಮ ಸೊನ್ನೆ ಅಲ್ಲ, ನಮ್ಮ 200 ಜನ ಸಾಲಲಿಲ್ಲ ಅಷ್ಟೇ. ಬರೆದಿದ್ದು ಹೀಗೆ: "ಅಂದಾಜು 1.8, ಆದರೆ ಇಂಟರ್ವಲ್ ಅಗಲವಾಗಿದೆ; ಸ್ವಲ್ಪ ಕಡಿಮೆ ಆಡ್ಸಿನಿಂದ ಹಿಡಿದು ಮೂರು ಪಟ್ಟಿಗೂ ಮೀರಿದ ಆಡ್ಸಿನವರೆಗೆ ಯಾವುದನ್ನೂ ಈ ಡೇಟಾ ತಳ್ಳಿಹಾಕುವುದಿಲ್ಲ." "ನಿಜವಾದ ಬೆಲೆ ಇದರೊಳಗಿರೋ ಸಾಧ್ಯತೆ 95%" ಅಂತ ಎಲ್ಲೂ ಬರೀಲಿಲ್ಲ, ಆ 95 ಈ ಒಂದು ಇಂಟರ್ವಲ್ಲಿಗೆ ಸೇರಿದ್ದಲ್ಲ, ಹೀಗೇ ಸ್ಟಡಿ ಮತ್ತೆ ಮತ್ತೆ ಮಾಡಿದ್ರೆ ಎಷ್ಟು ಸಲ ಇಂಟರ್ವಲ್ ಗುರಿ ಹಿಡಿಯುತ್ತೆ ಅನ್ನೋ ಲೆಕ್ಕ ಅದು.

ಸಬ್ಮಿಟ್ ಮಾಡೋ ಹಿಂದಿನ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಟೇಬಲ್ ಪೂರ್ತಿ ಇನ್ನೊಂದ್ಸಲ ನೋಡ್ದೆ. ಎಸ್‌ಪಿಎಸ್‌ಎಸ್ ಕೊಡೋ ಇಂಟರ್ವಲ್ಲಲ್ಲಿ ಕೆಳಗಿನದ್ದನ್ನೂ ಮೇಲಿನದ್ದನ್ನೂ ಗುಣಿಸಿ ವರ್ಗಮೂಲ ತೆಗೆದ್ರೆ ಆಡ್ಸ್ ರೇಷಿಯೋನೇ ಬರ್ಬೇಕು, ರೌಂಡಿಂಗಿನ ಚೂರುಪಾರು ವ್ಯತ್ಯಾಸ ಬಿಟ್ಟು. 1.95 ಇಂಟು 6.29, ವರ್ಗಮೂಲ 3.5, ಸರಿ. ಸ್ಮೋಕಿಂಗಿನ ಅಡ್ಜಸ್ಟೆಡ್ ಸಾಲಲ್ಲಿ 3.12 ಬಂತು, ಇರ್ಬೇಕಾಗಿದ್ದು 2.9. ನೋಡಿದ್ರೆ 5.6 ನ್ನ 6.5 ಅಂತ ಟೈಪ್ ಮಾಡಿದ್ದೆ.